ಪ್ರಮೀಳಾ ಬರೆದ ಚಕ್ಕುಬಂದಿ

ಪಾಂಡವಪುರದ ತಾಲ್ಲೂಕು ಕಚೇರಿಯ ಎದುರು ತಗಡಿನ ಮಾಡಿನ ಕೆಳಗೆ ಕೂತು ಕ್ರಯಪತ್ರ ಬರೆಯುತ್ತಿದ್ದ ಶ್ರೀಕಂಠಯ್ಯನವರ ಹತ್ತಿರ ಪ್ರಮೀಳಾ ಹನ್ನೊಂದು ವರ್ಷ ಟೈಪು ಮಾಡಿದಳು. ಅಯ್ಯನವರು ಶ್ರೀರಂಗಪಟ್ಟಣದ ದೇವಸ್ಥಾನದ ಮನೆತನದವರು. ದಿನಾ ಮೊದಲ ಬಸ್ಸಿಗೆ ಬರುತ್ತಿದ್ದರು, ನಸ್ಯದ ಡಬ್ಬಿ ಮೇಜಿನ ಮೇಲಿಡುತ್ತಿದ್ದರು, ಆಮೇಲೆ ಎದುರಿಗೆ ಕೂತವನು ಯಾವ ಗೌಡನಾದರೂ ಸರಿ ಒಂದೇ ಪ್ರಶ್ನೆ ಕೇಳುತ್ತಿದ್ದರು: ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾರದು, ಉತ್ತರಕ್ಕೇನಿದೆ, ದಕ್ಷಿಣಕ್ಕೇನಿದೆ? ಈ ನಾಲ್ಕು ಗಡಿಗೆ ಚಕ್ಕುಬಂದಿ ಎನ್ನುತ್ತಾರೆ. ಅದು ಬಾಯಿಗೆ ಬರದವನ ಕಾಗದವನ್ನು ಅಯ್ಯನವರು ಮುಟ್ಟುತ್ತಿರಲಿಲ್ಲ, ಎದ್ದು ಹೋಗಿ ಜಮೀನು ನೋಡಿಕೊಂಡು ಬಾ ಎನ್ನುತ್ತಿದ್ದರು.

"ಚಕ್ಕುಬಂದಿ ಇಲ್ಲದ ಜಮೀನು ಯಾರಿಗೂ ಸೇರಿದ್ದಲ್ಲ ಕಣಮ್ಮ, ಜಗಳಕ್ಕೆ ಸೇರಿದ್ದು," ಎಂದು ಅವಳಿಗೆ ಹೇಳಿದ್ದರು.

ಅಯ್ಯನವರಿಗೆ ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ ಮೇಲೆ ಪ್ರಮೀಳಾ ಸುಮ್ಮನೆ ಮನೆಯಲ್ಲಿ ಕೂರುವ ಪೈಕಿ ಅಲ್ಲವಲ್ಲ. ಗೊಬ್ಬರದಂಗಡಿಯ ಮಹಡಿಯ ಮೇಲೆ ರಘುನಂದನ್ ಎಂಬವನು "ನಾಲೆ ಸುದ್ದಿ" ಅಂತ ಯೂಟ್ಯೂಬ್ ಚಾನೆಲ್ಲು ಶುರುಮಾಡಿದ್ದ. ಅವನಿಗೆ ಕ್ಯಾಮೆರಾ ಬರುತ್ತಿತ್ತು, ಮಾತು ಬರುತ್ತಿತ್ತು, ಬರೆಯಲು ಮಾತ್ರ ಬರುತ್ತಿರಲಿಲ್ಲ. ತಪ್ಪಿಲ್ಲದೆ ಟೈಪು ಮಾಡುವವಳು ಬೇಕೆಂದು ಇವಳನ್ನು ಕರೆದ. ಅವಳು ಟೈಪು ಮಾಡುತ್ತ ಮಾಡುತ್ತ ವಾಕ್ಯ ತಿದ್ದಿದಳು, ತಿದ್ದುತ್ತ ತಿದ್ದುತ್ತ ಇಡೀ ಸ್ಕ್ರಿಪ್ಟನ್ನೇ ಬರೆಯತೊಡಗಿದಳು. ನಾಗಮಂಗಲದ ಕಾರ್ಯಕ್ರಮವಿರಲಿ, ಕೆ.ಆರ್. ಪೇಟೆಯ ಪಂಚಾಯಿತಿ ಗಲಾಟೆಯಿರಲಿ, ಸಂಜೆ ಆರಕ್ಕೆ ಸ್ನೇಹ ಎಂಬ ಹುಡುಗಿ ನಗುತ್ತ ಓದುವ ಮಾತೆಲ್ಲ ಪ್ರಮೀಳಾಳ ಕೈಯದು. ಹಾಳೆಯ ಎಡಕ್ಕೆ ತೋರಿಸುವುದು, ಬಲಕ್ಕೆ ಓದುವುದು, ನಡುವೆ ಒಂದು ಗೆರೆ.

ಮೊದಮೊದಲು ಅವಳೂ ಎಲ್ಲರ ಹಾಗೆಯೇ ಬರೆದಳು, ಇದನ್ನು ಮುಚ್ಚಿಡುವುದೇನು ಬಂತು. ಕೆ.ಆರ್. ಪೇಟೆ ಕಡೆಯ ಒಂದು ಹಳ್ಳಿಯಲ್ಲಿ ನೀರು ಬಿಡುವ ಬೋರಯ್ಯ ಓಟಿನ ಸಿಟ್ಟಿಗೆ ಒಂದು ಬೀದಿಗೆ ನೀರು ನಿಲ್ಲಿಸಿದ್ದಾನೆ "ಎನ್ನಲಾಗಿದೆ" ಎಂದು ಬರೆದಳು. ಯಾರು ಅಂದದ್ದು ಎಂದು ಅವಳನ್ನೂ ಯಾರೂ ಕೇಳಲಿಲ್ಲ. ನಾಲ್ಕು ದಿನದ ಮೇಲೆ ಗೊತ್ತಾಯಿತು, ಆ ಬೀದಿಯ ಮೋಟರು ಸುಟ್ಟುಹೋಗಿತ್ತು, ಪಂಚಾಯಿತಿಗೆ ಬೋರಯ್ಯನೇ ಅರ್ಜಿ ಕೊಟ್ಟಿದ್ದ. ಪ್ರಮೀಳಾ ಗೋವಿಂದನಹಳ್ಳಿ ದಾರಿಯ ಬಸ್ಸು ಹತ್ತಿ ಅವನ ಮನೆಗೇ ಹೋಗಿ ತಪ್ಪಾಯಿತು ಎಂದಳು. ಬೋರಯ್ಯ ಕುಡಿಯಲು ನೀರು ಕೊಟ್ಟ, ಬಯ್ಯಲಿಲ್ಲ.

"ತೆಪ್ಪಾಯ್ತು ಅಂದಿದ್ನ ನಾನೊಬ್ನೇ ಕೇಳ್ದೆ ಕಣವ್ವ. ಬೈದಿದ್ನ ಊರೆಲ್ಲಾ ಕೇಳ್ತು," ಎಂದ.

ಆ ಮಾತು ಅವಳಿಗೆ ಕಪಾಳಕ್ಕೆ ಬಿದ್ದ ಹಾಗೆ ಬಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಅಳು ಬಂದದ್ದೂ ನಿಜ. ಮಾರನೆಯ ದಿನ, ಮೊದಲು ಸುಳ್ಳು ಬಂದಿದ್ದ ಅದೇ ಆರು ಗಂಟೆಗೆ, ಅಷ್ಟೇ ಹೊತ್ತು, ಸ್ನೇಹಳ ಕೈಯಲ್ಲಿ ತಿದ್ದುಪಡಿ ಓದಿಸಿದಳು. ಅವತ್ತಿನಿಂದ ಪ್ರತಿ ರಾಜಕೀಯ ಸ್ಕ್ರಿಪ್ಟಿನ ತಲೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಚೌಕ ಹಾಕಿ ಚಕ್ಕುಬಂದಿ ಬರೆಯುವ ಪದ್ಧತಿ ಬಂತು. ಪೂರ್ವಕ್ಕೆ, ಹೇಳಿದವರು ಯಾರು, ಅವರು ಕಣ್ಣಾರೆ ಕಂಡರೇ. ಪಶ್ಚಿಮಕ್ಕೆ, ಯಾವ ಕಾಗದ. ಉತ್ತರಕ್ಕೆ, ಯಾರ ಮೇಲೆ ಮಾತು ಬಂದಿದೆಯೋ ಅವರ ಉತ್ತರ. ದಕ್ಷಿಣಕ್ಕೆ, ನಮಗೆ ಇನ್ನೂ ಗೊತ್ತಿಲ್ಲದ್ದು. ನಾಲ್ಕೂ ತುಂಬದಿದ್ದರೆ ಸ್ಕ್ರಿಪ್ಟು ಮಹಡಿ ಇಳಿಯುವಂತಿಲ್ಲ. ರಘುನಂದನ್ ಮೊದಲು ನಕ್ಕ, ಆಮೇಲೆ ಗೊಣಗಿದ, ಕೊನೆಗೆ ಒಗ್ಗಿಕೊಂಡ.

ಒಗ್ಗಿಕೊಂಡವನು ಎಷ್ಟು ಒಗ್ಗಿದ್ದಾನೆ ಎಂದು ತಿಳಿದದ್ದು ಮತದಾರರ ಪಟ್ಟಿಯ ಗಲಾಟೆಯಲ್ಲಿ.

ಚಿನಕುರಳಿ ಆಚೆಗೆ ಬೋರೆಕೊಪ್ಪಲು ಎಂದು ಪ್ರಮೀಳಾಳ ತವರೂರು. ಊರಿಗೆ ಅಂಟಿಕೊಂಡು ಕಲ್ಲು ಒಡೆಯುವವರ ಕಾಲೊನಿ ಇದೆ. ಪಟ್ಟಿಯ ಕರಡು ಪ್ರಕಟವಾದ ಮೂರನೇ ದಿನ ಒಂದು ಧ್ವನಿ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹಾರತೊಡಗಿತು. "ನಮ್ಮ ತೊಂಬತ್ತೇಳನೇ ಬೂತ್ಗೆ ಒಂದೇ ಸಲಕ್ಕೆ ಇನ್ನೂರ ಹದಿನಾಲ್ಕು ಹೆಸ್ರು ತುರ್ಕವ್ರೆ. ಎಲ್ಲಾ ಹೊರಗ್ಲೋರು. ಊರ್ನೋರು ಎದ್ದೇಳ್ರಪ್ಪ." ಜೊತೆಗೆ ಪಟ್ಟಿಯ ಪುಟದ ಫೋಟೊ. ಇನ್ನೊಂದು ಚಾನೆಲ್ಲು ಅದನ್ನೇ ಎತ್ತಿಕೊಂಡು ಕಾಲೊನಿಯ ಹೆಂಗಸರ ಮುಖ ತೋರಿಸಿ "ಯಾರಿವರು?" ಎಂದು ಕೆಂಪಕ್ಷರದಲ್ಲಿ ಹಾಕಿಬಿಟ್ಟಿತು. ಊರಿನ ಯುವಕರು ಹೆಸರು ತೆಗೆಸುವ ಏಳನೇ ನಮೂನೆಯ ಅರ್ಜಿಗಳನ್ನು ಕಟ್ಟುಗಟ್ಟಲೆ ಜೆರಾಕ್ಸ್ ಮಾಡಿಸಿದರು. ಆಕ್ಷೇಪಣೆಗೆ ಇನ್ನು ನಾಲ್ಕು ದಿನ ಉಳಿದಿತ್ತು.

"ಅಕ್ಕ, ಇವತ್ತೇ ಹಾಕ್ಬೇಕು," ಎಂದ ರಘುನಂದನ್ ಬೆಳಿಗ್ಗೆ ಒಂಬತ್ತಕ್ಕೆ. "ನಾಗಮಂಗಲದಿಂದೆಲ್ಲ ಫೋನ್ ಬತ್ತಾ ಅದೆ, ನೀವ್ಯಾಕೆ ಸುಮ್ಗಿದ್ದೀರಿ ಅಂತ. ನಾವೇನೂ ಹೇಳೋದ್ ಬ್ಯಾಡ. ಪ್ರಶ್ನೆ ಕೇಳುಮ, ಅಷ್ಟೇಯ."

"ಪ್ರಶ್ನೆ ಕೇಳಿದ್ರೆ ಉತ್ತರ ಹುಡುಕ್ಬೇಕಾಯ್ತದೆ ರಘು. ನೀನು ಕೇಳಾದು ಉತ್ತರಕ್ಕಲ್ಲ."

"ಸಂಜೆ ಆರಕ್ಕೆ ಏನಾದ್ರೂ ಓಗ್ಲೇಬೇಕಕ್ಕ. ಇಲ್ದಿದ್ರೆ ನಾನೇ ಮಾತಾಡಿ ಹಾಕ್ಬುಡ್ತೀನಿ."

"ಆರಕ್ಕೆ ಕೊಡ್ತೀನಿ. ಅಲ್ಲೀವರ್ಗೂ ಕ್ಯಾಮೆರಾ ಮುಟ್ಬೇಡ."

ಆ ಧ್ವನಿ ಸಂದೇಶವನ್ನು ಅವಳು ಇನ್ನೊಮ್ಮೆ ಕೇಳಬೇಕಾಗಿರಲಿಲ್ಲ. ಮೊದಲ ಮಾತಿಗೇ ಗೊತ್ತಾಗಿತ್ತು. ಅದು ಅವಳ ಸ್ವಂತ ಅಣ್ಣ ಹೊನ್ನಪ್ಪನ ದನಿ. ಒಂದು ಪಕ್ಷಕ್ಕೆ ಅವನು ಆ ಮತಗಟ್ಟೆಯ ಏಜೆಂಟ. ಹುಟ್ಟಿದಾರಭ್ಯ ಅವಳನ್ನು ಹೆಗಲ ಮೇಲೆ ಹೊತ್ತು ತಿರುಗಿದವನು, ಸುಳ್ಳು ಹೇಳುವವನಲ್ಲ, ಆದರೆ ಮೂಗಿನ ತುದಿಯಲ್ಲೇ ಸಿಟ್ಟು.  ಆದರೂ ಪ್ರಮೀಳಾ ಪೆನ್ಸಿಲು ತೆಗೆದು ಚೌಕ ಹಾಕಿದಳು. ಪೂರ್ವಕ್ಕೆ ಬರೆದಳು: ಹೊನ್ನಪ್ಪ. ಕಂಡದ್ದು: ಪಟ್ಟಿ. ಕಾಣದ್ದು: ತಿಳಿಯದು.

ಮೊದಲು ಪಶ್ಚಿಮ. ಪಟ್ಟಿ ಯಾರ ಸ್ವತ್ತೂ ಅಲ್ಲ, ಚುನಾವಣಾ ಇಲಾಖೆಯ ವೆಬ್‌ಸೈಟಿನಲ್ಲಿ ಊರಿಗೆಲ್ಲ ತೆರೆದಿಟ್ಟದ್ದು. ತೊಂಬತ್ತೇಳನೇ ಭಾಗದಲ್ಲಿ ಹೋದ ವರ್ಷ 812 ಹೆಸರು, ಈಗ 1,026. ಇನ್ನೂರ ಹದಿನಾಲ್ಕು ಹೆಚ್ಚಿಗೆ, ಅಣ್ಣನ ಲೆಕ್ಕ ಸರಿ. ಅಲ್ಲಿಗೆ ನಿಂತಿದ್ದರೆ ಅವಳೂ ಊರಿನವರ ಜೊತೆ ಎದ್ದೇಳುತ್ತಿದ್ದಳು. ಆದರೆ ಒಂದು ಜಮೀನಿನ ಅಳತೆ ಹೆಚ್ಚಿಗೆ ಬಂದರೆ ಪಕ್ಕದ ಜಮೀನಿನ ಪಹಣಿ ತೆಗೆಸು ಎಂದು ಅಯ್ಯನವರು ಕಲಿಸಿದ್ದರು. ಒಂದೇ ಶಾಲೆಯ ಪಕ್ಕದ ಕೊಠಡಿ, ತೊಂಬತ್ತಾರನೇ ಭಾಗ, ಅದನ್ನು ತೆಗೆದಳು. ಹೋದ ವರ್ಷ 1,338. ಈಗ 1,135. ಇನ್ನೂರ ಮೂರು ಕಡಿಮೆ.

ಪಟ್ಟಿಯ ಮೊದಲ ಪುಟದಲ್ಲಿ ಆ ಭಾಗಕ್ಕೆ ಸೇರಿದ ಬೀದಿಗಳ ಹೆಸರಿರುತ್ತದೆ. ಅದನ್ನು ಓದುವವರು ನೂರಕ್ಕೊಬ್ಬರು. "ಕಲ್ಲುಕುಟಿಗರ ಕಾಲೊನಿ" ಎಂಬ ಸಾಲು ಹೋದ ವರ್ಷ ತೊಂಬತ್ತಾರರಲ್ಲಿತ್ತು, ಈ ವರ್ಷ ತೊಂಬತ್ತೇಳರಲ್ಲಿದೆ.

ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯವರಿಗೆ ಅವಳು ಹಳೆಯ ಮುಖ. ಮೇಲ್ವಿಚಾರಕರು ನೋಟಿಸ್ ಬೋರ್ಡಿನತ್ತ ಬೆರಳು ತೋರಿಸಿದರು. ಮತಗಟ್ಟೆಗಳ ಮರುವಿಂಗಡಣೆಯ ಆದೇಶ ಅಲ್ಲಿ ಅಂಟಿಸಿತ್ತು. ಒಂದು ಮತಗಟ್ಟೆಗೆ ಸಾವಿರದ ಇನ್ನೂರಕ್ಕಿಂತ ಹೆಚ್ಚು ಮತದಾರರು ಇರಬಾರದೆಂದು ಆಯೋಗ ಹೇಳಿದ್ದರಿಂದ ತೊಂಬತ್ತಾರರ ಕಾಲೊನಿಯನ್ನು ಪಕ್ಕದ ಕೊಠಡಿಗೆ ವರ್ಗಾಯಿಸಿದ್ದರು. ಪಕ್ಷಗಳ ಸಭೆ ಕರೆದು ಓದಿಯೂ ಹೇಳಿದ್ದರಂತೆ. ಸಭೆಗೆ ಬಂದವರು ಕಾಫಿ ಕುಡಿದು ಸಹಿ ಹಾಕಿ ಹೋಗಿದ್ದರು.

"ಅಂಗಾದ್ರೆ ಎಲ್ಲಾ ಸರಿ ಅಂತ ಹಾಕ್ಬುಡ್ತೀರಾ ಮೇಡಂ?" ಎಂದು ಮೇಲ್ವಿಚಾರಕರು ಕೇಳಿದರು.

"ಇಲ್ಲ ಸಾರ್. ಇನ್ನೂರ ಮೂರು ಸರಿಯೋಯ್ತು. ಇನ್ನು ಹನ್ನೊಂದು ಅದೆ."

ಹನ್ನೊಂದರ ಬೆನ್ನು ಹತ್ತಿ ಅವಳು ಬೋರೆಕೊಪ್ಪಲಿಗೆ ಬಸ್ಸು ಹತ್ತಿದಳು. ತವರಿಗೆ ಹೋಗುವಾಗ ಬಾಳೆಹಣ್ಣು ಹಿಡಿದು ಹೋಗುತ್ತಿದ್ದವಳು ಅವತ್ತು ಪಟ್ಟಿ ಹಿಡಿದು ಹೋದಳು. ಅಂಗನವಾಡಿ ಕಾರ್ಯಕರ್ತೆ ಪುಟ್ಟತಾಯಮ್ಮನೇ ಆ ಮತಗಟ್ಟೆಯ ಬಿಎಲ್‌ಒ, ಅಂದರೆ ಮನೆಮನೆ ತಿರುಗಿ ಹೆಸರು ಪರಿಶೀಲಿಸುವವಳು. ಮಕ್ಕಳಿಗೆ ಊಟ ಬಡಿಸಿ, ಕೈ ತೊಳೆದುಕೊಂಡು, ದಪ್ಪ ರಿಜಿಸ್ಟರು ಕಂಕುಳಲ್ಲಿ ಹಿಡಿದು ಕಾಲೊನಿಗೆ ಅವಳೂ ಜೊತೆ ಬಂದಳು. ಬಿಸಿಲಿನಲ್ಲಿ ನಡೆಯುತ್ತ ಗೊಣಗಿದಳು.

"ಬಿಸ್ಲು ಮಳೆ ಅನ್ದಂಗೆ ಮನೆಮನೆ ತಿರುಗ್ದೋಳು ನಾನು. ನನ್ನೊಬ್ಳನ್ನ ಕೇಳಿದ್ರೆ ಆಗ್ತಿರ್ನಿಲ್ವಾ ಇವ್ರ್ಗೆ?"

ಹನ್ನೊಂದರಲ್ಲಿ ಏಳು ಜನ ಹದಿನೆಂಟು ತುಂಬಿದ ಮಕ್ಕಳು. ಇಬ್ಬರು ಮದುವೆಯಾಗಿ ಬಂದ ಸೊಸೆಯರು, ತವರೂರಿನ ಪಟ್ಟಿಯಿಂದ ವರ್ಗಾವಣೆ ಪಡೆದವರು. ಉಳಿದ ಇಬ್ಬರ ಮನೆಗೆ ಬೀಗ. ನಾಗಮಂಗಲ ಕಡೆ ಕೆಲಸಕ್ಕೆ ಹೋಗಿದ್ದಾರೆ ಎಂದರು ಪಕ್ಕದವರು, ಬರುತ್ತಾರೋ ಇಲ್ಲವೋ ತಿಳಿಯದು ಎಂದರು. ಪ್ರಮೀಳಾ ದಕ್ಷಿಣಕ್ಕೆ ಬರೆದುಕೊಂಡಳು: ಇಬ್ಬರು, ಗೊತ್ತಿಲ್ಲ.

ಕಾಲೊನಿಯಲ್ಲಿ ಯಾರೂ ಕೆಲಸಕ್ಕೆ ಹೋಗಿರಲಿಲ್ಲ. ಜಗುಲಿಯ ಮೇಲೆ ಕೂತಿದ್ದ ಪುಟ್ಟಲಕ್ಷ್ಮಮ್ಮ ಎಂಬ ಹೆಂಗಸು ಪ್ರಮೀಳಾಳ ಕೈಯಲ್ಲಿ ಮೊಬೈಲು ಕಂಡದ್ದೇ ಸೆರಗು ಮುಖಕ್ಕೆ ಎಳೆದುಕೊಂಡಳು. ಕೆಂಪಕ್ಷರದ ಚಿತ್ರದಲ್ಲಿ ಇದ್ದದ್ದು ಅವಳ ಮುಖವೇ.

"ಫೋಟಾ ತೆಗಿಯಾಕಿಲ್ಲ ಅಕ್ಕ. ಕೇಳಕ್ಕೆ ಬಂದಿವ್ನಿ," ಎಂದಳು ಪ್ರಮೀಳಾ, ಮೊಬೈಲನ್ನು ಚೀಲಕ್ಕೆ ಹಾಕಿ.

ಪುಟ್ಟಲಕ್ಷ್ಮಮ್ಮ ಒಳಗಿನಿಂದ ಪ್ಲಾಸ್ಟಿಕ್ ಕವರು ತಂದಳು. ಅದರೊಳಗೆ ಅಕ್ಷರ ಅಳಿಸುತ್ತ ಬಂದ ಗುರುತಿನ ಚೀಟಿ. "ಇಪ್ಪತ್ತೆಂಟು ವರ್ಸದಿಂದ ಇದೇ ಇಸ್ಕೂಲ್ನಾಗೆ ಓಟಾಕಿವ್ನಿ. ಆ ಇಸ್ಕೂಲ್ ಪಾಯಕ್ಕೆ ಕಲ್ಲು ಒಡ್ದೋನು ನನ್ ಗಂಡ. ಈಗ ನೀನ್ಯಾರು ಅಂತ ಕೇಳ್ತಾವ್ರೆ. ಅಂಗ್ಡೀಲಿ ಸಾಮಾನ್ ಕೊಡಾಕೆ ಮಕ ನೋಡ್ತಾವ್ರೆ. ಹೆಸ್ರು ತೆಗ್ದುಬುಟ್ರೆ ನಾವು ಎಲ್ಲೀಯೋರಾದೇವು, ಹೇಳವ್ವ?"

ಪ್ರಮೀಳಾ ಅವಳ ಚೀಟಿಯ ಸಂಖ್ಯೆಯನ್ನು ಹಳೆಯ ತೊಂಬತ್ತಾರರಲ್ಲಿ ಹುಡುಕಿದಳು, ಇತ್ತು. ಹೊಸ ತೊಂಬತ್ತೇಳರಲ್ಲಿ ಹುಡುಕಿದಳು, ಅಲ್ಲೂ ಅದೇ ಸಂಖ್ಯೆ. ಕ್ರಮಸಂಖ್ಯೆ ಬದಲಾಗಿತ್ತು, ಚೀಟಿಯ ಸಂಖ್ಯೆ ಬದಲಾಗಿರಲಿಲ್ಲ. ಹೀಗೆ ಇನ್ನೂರ ಮೂರನ್ನೂ ಅವಳು, ಪುಟ್ಟತಾಯಮ್ಮ ಮತ್ತು ಫೋನಿನಲ್ಲಿ ಸ್ನೇಹ ಸೇರಿ ಒಂದೊಂದಾಗಿ ಗುರುತು ಹಾಕಿ ಮುಗಿಸುವ ಹೊತ್ತಿಗೆ ಗಂಟೆ ಮೂರಾಯಿತು. ಬಿಎಲ್‌ಒ ಹೇಳಿದಳು, ಕಚೇರಿ ಹೇಳಿತು ಎಂದು ಬರೆದು ಮುಗಿಸಬಹುದಿತ್ತು. ಬೋರಯ್ಯನ ಮನೆಯಲ್ಲಿ ಕುಡಿದ ನೀರು ಅವಳನ್ನು ಬಿಡಲಿಲ್ಲ.

ಗುರುತು ಹಾಕುವಾಗಲೇ ಒಂದು ಹೆಸರು ಕಣ್ಣಿಗೆ ಬಿದ್ದಿತ್ತು. ಕಾಲೊನಿಯದಲ್ಲ, ತಮ್ಮದೇ ಬೀದಿಯದು. ಅವಳು ಅದರ ಮೇಲೆ ಬೆರಳಿಟ್ಟಳು. ಪುಟ್ಟತಾಯಮ್ಮ ನೋಡಿ, "ನಿಮ್ಮಣ್ಣುಂಗೆ ಎರಡ್ಸಲ ಹೇಳ್ದೆ ಕಣವ್ವ, ಅರ್ಜಿ ಬರ್ಕೊಡಣ್ಣ ಅಂತ," ಎಂದಳು ಮೆಲ್ಲಗೆ.

ಇನ್ನು ಉಳಿದದ್ದು ಉತ್ತರ. ಈಗ ಮಾತು ತಿರುಗಿ ಬರುವುದು ಸಂದೇಶ ಕಳಿಸಿದವನ ಮೇಲೆ, ಅಂದರೆ ಅಣ್ಣನ ಮೇಲೆ.

ಹೊನ್ನಪ್ಪ ಹಸುವಿಗೆ ಹುಲ್ಲು ಹಾಕುತ್ತಿದ್ದ. ತಂಗಿಯನ್ನು ಕಂಡು ಮುಖ ಅರಳಿತು, ಅವಳ ಕೈಯ ಕಾಗದ ಕಂಡು ಬಾಡಿತು.

"ಕಾಲೊನಿಗೆ ಓಗಿದ್ಯಂತೆ. ಅಣ್ಣನ ಮನೆ ಬುಟ್ಟು ಮೊದ್ಲು ಅಲ್ಲಿಗ್ಯಾಕವ್ವ ಓದೆ?"

"ನಿನ್ ಮಾತು ಅಲ್ಲಿಗೆ ಓಗಿತ್ತಲ್ಲ ಅಣ್ಣಯ್ಯ, ಅದ್ಕೆ ನಾನೂ ಓದೆ."

ಅವಳು ಜಗುಲಿಯ ಮೇಲೆ ಎರಡು ಪಟ್ಟಿಯನ್ನೂ ಅಕ್ಕಪಕ್ಕ ಹರಡಿದಳು. ಹೊನ್ನಪ್ಪ ನೋಡಿದ. ಪಕ್ಕದ ಬೂತಿನ ಪಟ್ಟಿ ಬೇರೆಯವನ ಜವಾಬ್ದಾರಿ, ಅದನ್ನು ತಾನು ನೋಡಿರಲಿಲ್ಲ ಎಂದ. ಕಾಲೊನಿಯವರ ಮುಖವೆಲ್ಲ ನಿನಗೆ ಗೊತ್ತಿತ್ತಲ್ಲ ಎಂದು ತಂಗಿ ಕೇಳಿದ್ದಕ್ಕೆ, ಮುಖ ಗೊತ್ತು, ಹೆಸರು ಯಾವತ್ತು ಕೇಳಿದ್ದೆವು ಎಂದ. ಹೇಳಿಯಾದ ಮೇಲೆ ಆ ಮಾತು ಅವನಿಗೇ ಚುಚ್ಚಿರಬೇಕು, ಸಿಟ್ಟಿಗೆ ಬಂದ.

"ಸರಿ, ನಿನ್ ಟೀವೀಲಿ ನನ್ ಹೆಸ್ರು ಹಾಕಿ ಮಾನ ಕಳಿತೀಯಾ? ನಮ್ ಪಕ್ಸದೋರೆಲ್ಲ ಸುಳ್ರು ಅಂತೀಯಾ?"

"ನಿನ್ ಹೆಸ್ರೂ ಬರಾಕಿಲ್ಲ, ಪಕ್ಸದ ಹೆಸ್ರೂ ಬರಾಕಿಲ್ಲ, ಕಾಲೊನಿಯೋರು ಯಾವ ಜನ ಅಂತ್ಲೂ ಬರಾಕಿಲ್ಲ. ಪಟ್ಟಿ ಇಂಗದೆ, ಯಾಕಿಂಗಾಯ್ತು, ಅನುಮಾನ ಇದ್ರೆ ಯಾರ್ನ ಕೇಳ್ಬೇಕು, ಅಷ್ಟೇ ಬರ್ತದೆ. ಏಜೆಂಟ್ರು ಏನಂದ್ರು ಅನ್ನಕ್ಕೆ ಒಂದು ಸಾಲು ಬಿಟ್ಟಿವ್ನಿ. ನೀನು ಹೇಳ್ದಂಗೇ ಬರ್ಕತೀನಿ."

"ಹೇಳಾಕಿಲ್ಲ ಅಂದ್ರೆ?"

"ಕೇಳ್ದೊ, ಹೇಳ್ನಿಲ್ಲ ಅಂತ ಬರೀತೀನಿ." ಅವಳು ಜಗುಲಿ ಬಿಟ್ಟು ಏಳಲಿಲ್ಲ.

ಹೊನ್ನಪ್ಪ ಒಳಗೆ ಹೋಗಿ ಏಳನೇ ನಮೂನೆಯ ಕಟ್ಟು ತಂದು ಅವಳ ಮುಂದೆ ಹಾಕಿದ. ತೊಂಬತ್ತು ಅರ್ಜಿ ತುಂಬಿಸಿ ಇಟ್ಟಿದ್ದ, ನಾಳೆ ಕೊಡುವುದಿತ್ತು. ಹೀಗೆ ಕಟ್ಟುಕಟ್ಟಾಗಿ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ, ಒಂದೊಂದರ ಕೆಳಗೂ ಇದು ಸತ್ಯ ಎಂದು ಸಹಿ ಹಾಕಬೇಕು, ಸುಳ್ಳಾದರೆ ಸಹಿ ಹಾಕಿದವನ ಮೇಲೆಯೇ ಕೇಸು, ಮತ್ತು ಆ ಮನುಷ್ಯನಿಗೆ ನೋಟಿಸು ಕೊಟ್ಟು ಕೇಳದೆ ಯಾರ ಹೆಸರನ್ನೂ ತೆಗೆಯುವಂತಿಲ್ಲ ಎಂದು ಪ್ರಮೀಳಾ ಒಂದೊಂದಾಗಿ ಹೇಳಿದಳು. ಹೊನ್ನಪ್ಪ ನಮೂನೆಯ ಕೊನೆಯ ಸಾಲನ್ನು ಆಗ ಮೊದಲ ಸಲ ಓದಿದ.

ಆಮೇಲೆ ಅವಳು ಕೇಳಿದಳು, "ಪಕ್ಸದೋರು ಕೊಟ್ಟ ಪಟ್ಟೀಲಿ ಫೋಟಾ ಇರ್ತದಲ್ಲ, ಅದ್ನ ತತ್ತಾ ಅಣ್ಣಯ್ಯ."

ತಂದ. ಅವಳು ಪುಟ ತಿರುವಿ ಒಂದು ಚೌಕದ ಮೇಲೆ ಬೆರಳಿಟ್ಟಳು. ಬೆಟ್ಟಮ್ಮ. ವಯಸ್ಸು ಎಪ್ಪತ್ತೊಂಬತ್ತು. ಹೆಬ್ಬೆರಳಿನಷ್ಟು ಫೋಟೊದಲ್ಲಿ ಮೂಗುಬೊಟ್ಟು, ಕ್ಯಾಮೆರಾ ಕಂಡರೆ ಹುಬ್ಬು ಗಂಟಿಕ್ಕುವ ಅದೇ ಮುಖ. ಇಬ್ಬರ ಅವ್ವ. ಸತ್ತು ಮೂರು ವರ್ಷ.

"ಇನ್ನೂರ ಹದಿನಾಲ್ಕು ಜನ ಇರಬಾರ್ದೋರು ಕಂಡ್ರಲ್ಲ ನಿಂಗೆ," ಎಂದಳು ಪ್ರಮೀಳಾ. "ನಮ್ಮವ್ವ ಕಾಣ್ನಿಲ್ವಾ?"

ಹೊನ್ನಪ್ಪ ಪಟ್ಟಿಯನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದ.  ಆಮೇಲೆ ತಂಗಿಯ ಪಕ್ಕ ಕೂತು, "ಬರ್ಕೊ," ಎಂದ.

ಆರಕ್ಕೆ ಹತ್ತು ನಿಮಿಷ ಇರುವಾಗ ಅವಳು ಮಹಡಿ ಹತ್ತಿ ಎರಡೂವರೆ ಹಾಳೆ ಮೇಜಿನ ಮೇಲಿಟ್ಟಳು. ಬಸ್ಸಿನಲ್ಲೇ ಬರೆದದ್ದು, ಅಕ್ಷರ ಕುಣಿದಿದ್ದವು. ವದಂತಿಯಿಂದ ಶುರುವಾಗಿರಲಿಲ್ಲ, ನಿಜದಿಂದ ಶುರುವಾಗಿತ್ತು. "ಬೋರೆಕೊಪ್ಪಲಿನ ಒಂದು ಕಾಲೊನಿಯ ಇನ್ನೂರ ಮೂರು ಮತದಾರರು ಈ ಸಲ ಪಕ್ಕದ ಕೊಠಡಿಯಲ್ಲಿ ಮತ ಹಾಕುತ್ತಾರೆ. ಯಾಕೆ ಎಂದು ನೋಡೋಣ." ಎಡಗಡೆ ತೋರಿಸಲು ಕಾಲೊನಿಯ ಮುಖಗಳಿಲ್ಲ, ಶಾಲೆಯ ಎರಡು ಬಾಗಿಲು, ಎರಡು ಪಟ್ಟಿಯ ಮೊದಲ ಪುಟ, ನೋಟಿಸ್ ಬೋರ್ಡು. "ಇಬ್ಬರ ಬಗ್ಗೆ ನಮಗೆ ತಿಳಿಯಲಿಲ್ಲ. ಅದನ್ನು ವಿಚಾರಿಸುವುದು ಚುನಾವಣಾ ಅಧಿಕಾರಿಗಳ ಕೆಲಸ, ಅವರು ಹೇಳಿದ ದಿನ ನಾವು ನಿಮಗೆ ಹೇಳುತ್ತೇವೆ."

ರಘುನಂದನ್ ಓದಿ ತಲೆ ಕೆರೆದುಕೊಂಡ. "ಯಾರೂ ಬೈಸ್ಕಳಾರೇ ಇಲ್ವಲ್ಲಕ್ಕ ಇದ್ರಲ್ಲಿ. ಯಾರ್ ನೋಡ್ತಾರೆ?"

"ತಮ್ಮೂರ ಪಟ್ಟೀಲಿ ತಮ್ಮ ಹೆಸ್ರು ಎಲ್ಲೈತೆ ಅಂತ ಗೊತ್ತಿಲ್ದೋರು ನೋಡ್ತಾರೆ. ಅಂತೋರು ಸುತ್ತ್ಲ ತಾಲ್ಲೂಕ್ನಲ್ಲೆಲ್ಲಾ ಅವ್ರೆ."

"ಚಿತ್ರದ ಮ್ಯಾಲೆ 'ಯಾರಿವರು' ಅಂತನಾದ್ರೂ..."

"'ನಿಮ್ಮ ಮತಗಟ್ಟೆ ಬದಲಾಗಿದೆಯೇ, ನೋಡಿಕೊಳ್ಳಿ' ಅಂತ ಹಾಕು. ಇಲ್ದಿದ್ರೆ ಹಾಳೆ ವಾಪಸ್ ಕೊಡು, ನಾನು ಇವತ್ತಿಂದ ಬರಾಕಿಲ್ಲ."

ಅವಳು ಕೈ ಚಾಚಿಯೇ ನಿಂತಿದ್ದಳು. ರಘುನಂದನ್ ಆ ಕೈಯನ್ನು ನೋಡಿದ, ಹಾಳೆಯ ತಲೆಯ ಮೇಲಿನ ಚೌಕವನ್ನು ನೋಡಿದ. ನಾಲ್ಕೂ ಕಡೆ ತುಂಬಿತ್ತು. ಹಾಳೆಯನ್ನು ಸ್ನೇಹಳಿಗೆ ಕೊಟ್ಟ. ಸ್ನೇಹ ಕೊನೆಯ ಸಾಲಿಗೆ ಬಂದಾಗ ಓದುವ ವೇಗ ತಾನಾಗಿ ತಗ್ಗಿತು:

"ಪಟ್ಟಿಯಲ್ಲಿ ಒಂದು ತಪ್ಪು ನಮಗೂ ಸಿಕ್ಕಿತು. ಮೂರು ವರ್ಷದ ಹಿಂದೆ ತೀರಿಕೊಂಡವರೊಬ್ಬರ ಹೆಸರು ಇನ್ನೂ ಇದೆ. ಅವರು ಈ ವರದಿ ಬರೆದವರ ತಾಯಿ. ಮತಗಟ್ಟೆಯ ಏಜೆಂಟರೊಬ್ಬರು ನಮಗೆ ಹೇಳಿದ್ದಿಷ್ಟು: 'ನಾನು ಒಂದೇ ಪಟ್ಟಿ ನೋಡಿದ್ದೆ. ಎರಡೂ ನೋಡಬೇಕಿತ್ತು.'"

ಆ ಇನ್ನೊಂದು ಚಾನೆಲ್ಲಿನ ಕೆಂಪಕ್ಷರಕ್ಕೆ ಬಂದಷ್ಟು ಜನ ಇದನ್ನು ನೋಡಲಿಲ್ಲ, ಅದರ ಕಾಲುಭಾಗವೂ ಇಲ್ಲ. ಆದರೆ ಬೋರೆಕೊಪ್ಪಲಿನ ಅಂಗಡಿಯ ಮುಂದೆ ಹೊನ್ನಪ್ಪನೇ ನಿಂತು ಎರಡು ಸಲ ಹಾಕಿ ಕೇಳಿಸಿದನಂತೆ, ಮೊಬೈಲಿನ ದನಿ ಸಾಲದೆಂದು ಡಬ್ಬದೊಳಗಿಟ್ಟು. ಪುಟ್ಟತಾಯಮ್ಮ ಫೋನು ಮಾಡಿ ಹೇಳಿದಳು.

ಮಾರನೆಯ ದಿನ ಮಧ್ಯಾಹ್ನ ಅಣ್ಣ ತಂಗಿ ಇಬ್ಬರೂ ಅಂಗನವಾಡಿಗೆ ಹೋದರು. ಮಕ್ಕಳು ಉಂಡು ಮಲಗಿದ್ದರು. ಹೊನ್ನಪ್ಪ ತೊಂಬತ್ತು ಅರ್ಜಿಯ ಕಟ್ಟನ್ನು ಒಲೆಗೆ ಹಾಕಿದ್ದ, ಬರೆಯದೆ ಉಳಿದಿದ್ದ ಒಂದೇ ಒಂದು ಹಾಳೆ ತಂದಿದ್ದ. ಮರಣ ಪ್ರಮಾಣಪತ್ರದ ನಕಲು ಜೊತೆಗಿತ್ತು.

"ನೀನೇ ಬರಿ," ಎಂದ ತಂಗಿಗೆ.

ಹನ್ನೊಂದು ವರ್ಷ ಊರವರ ಜಮೀನು ಬರೆದ ಕೈಯಿಂದ ಅವ್ವನ ಹೆಸರು ಬರೆದಳು. ತೆಗೆಯಬೇಕಾದ ಹೆಸರು: ಬೆಟ್ಟಮ್ಮ. ಕಾರಣ: ಮರಣ. ಕೆಳಗೆ, ಇದು ನನಗೆ ತಿಳಿದಮಟ್ಟಿಗೆ ಸತ್ಯ ಎಂಬ ಸಾಲು. ಹೊನ್ನಪ್ಪ ಅದನ್ನು ಬೆರಳಿಟ್ಟು ಓದಿದ, ಮತ್ತೊಮ್ಮೆ ಓದಿದ, ಆಮೇಲೆ ಸಹಿ ಹಾಕಿದ. ಪುಟ್ಟತಾಯಮ್ಮ ಸ್ವೀಕೃತಿ ಹರಿದು ಕೊಟ್ಟಳು.

ಹೊರಗೆ ಬಂದಾಗ ನಲ್ಲಿಯ ಹತ್ತಿರ ಪುಟ್ಟಲಕ್ಷ್ಮಮ್ಮ ಬಿಂದಿಗೆ ಹಿಡಿದು ನಿಂತಿದ್ದಳು. ಹೊನ್ನಪ್ಪ ಅವಳ ಮುಂದೆ ನಿಂತ. ಅಷ್ಟು ವರ್ಷದಲ್ಲಿ ಕೇಳದಿದ್ದದ್ದನ್ನು ಕೇಳಿದ.

"ನಿನ್ ಹೆಸ್ರು ಏನವ್ವ?"